ಒಟಿಪಿ ಬರೋದು ನಿಮ್ಮ ಫೋನಿಗಲ್ಲ, ನಿಮ್ಮ ನಂಬರಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)



ಯಶವಂತಪುರ ಎಪಿಎಂಸಿ ಯಾರ್ಡ್ ಕಡೆ ಹೋದ್ರೆ ಹಳೇ ಮಂಡಿಗಳ ಬೋರ್ಡ್ ಸ್ವಲ್ಪ ಗಮನಿಸಿ. ಅಂಗಡಿ ಹೆಸರಿನ ಕೆಳಗೆ ಒಂದು ಮೊಬೈಲ್ ನಂಬರ್ ಇರುತ್ತೆ, 98450 ಅಂತಲೋ 98440 ಅಂತಲೋ ಶುರುವಾಗೋದು. ಒಂದು ಕಾಲದಲ್ಲಿ 98450 ಅಂದ್ರೆ ಏರ್‌ಟೆಲ್, 98440 ಅಂದ್ರೆ ಸ್ಪೈಸ್. ನಂಬರ್ ನೋಡಿದ್ರೆ ಸಾಕು, ಯಾವ ಕಂಪನಿ ಅಂತ ಗೊತ್ತಾಗ್ತಿತ್ತು. 2008ರಲ್ಲಿ ಸ್ಪೈಸ್ ಕಂಪನಿಯನ್ನ ಐಡಿಯಾ ಕೊಂಡುಕೊಳ್ತು. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಬಂತು. ಆಮೇಲೆ ಸಿಮ್ ಬದಲಾಯ್ತು, ಕಂಪನಿ ಬದಲಾಯ್ತು, ಫೋನಂತೂ ಹತ್ತು ಸಲ ಬದಲಾಯ್ತು. ಬೋರ್ಡ್ ಮೇಲಿನ ನಂಬರ್ ಮಾತ್ರ ಹಾಗೇ ಇದೆ.

ಇವತ್ತಿನ ವಿಷಯಕ್ಕೆ ಈ ಬೋರ್ಡ್ ಬಹಳ ಮುಖ್ಯ. ಆ ನಂಬರ್ ಎಲ್ಲಿದೆ? ಫೋನಿನಲ್ಲಿ ಇಲ್ಲ. ಸಿಮ್ ಕಾರ್ಡಿನಲ್ಲೂ ಇಲ್ಲ. ಅದು ಟೆಲಿಕಾಂ ಕಂಪನಿಯ ಕಂಪ್ಯೂಟರ್‌ನಲ್ಲಿರುವ ಒಂದು ದಾಖಲೆ. "ಈ ನಂಬರಿಗೆ ಬಂದದ್ದನ್ನ ಈ ಸಿಮ್‌ಗೆ ಕಳಿಸು" ಅನ್ನೋ ಒಂದು ಸಾಲು. ಆ ಸಾಲನ್ನ ತಿದ್ದಬಹುದು, ತಿದ್ದೋಕೆ ಅಂತಲೇ ಮಾಡಿರೋದು. ಹಾಗೆ ತಿದ್ದಬಹುದಾದ ಒಂದು ಸಾಲಿನ ಮೇಲೆ ನಮ್ಮ ಬ್ಯಾಂಕುಗಳು ಹದಿನೈದು ವರ್ಷಗಳಿಂದ ಬೀಗ ಹಾಕ್ತಾ ಬಂದಿವೆ. ಅದು ಹೇಗಾಯ್ತು, ಯಾಕಾಯ್ತು, ಎಲ್ಲಿ ಸಡಿಲ ಅನ್ನೋದು ಇವತ್ತಿನ ಕಥೆ.

ಒಟಿಪಿ ಕೊಡಿ ಅಂತ ಆರ್‌ಬಿಐ ಹೇಳಿರಲಿಲ್ಲ

ಬಹಳ ಜನರಿಗೆ ಒಂದು ಅಂದಾಜಿದೆ, ರಿಸರ್ವ್ ಬ್ಯಾಂಕು "ಎಸ್‌ಎಂಎಸ್‌ನಲ್ಲಿ ಒಟಿಪಿ ಕಳಿಸಿ" ಅಂತ ಆದೇಶ ಮಾಡಿತು ಅಂತ. ಆದೇಶದಲ್ಲಿ ಇದ್ದದ್ದು ಬೇರೆ.

2009ರ ಫೆಬ್ರವರಿ 18ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸ್ತು. ಅಲ್ಲಿವರೆಗೆ ಇಂಟರ್ನೆಟ್‌ನಲ್ಲಿ ಕಾರ್ಡ್ ಬಳಸೋಕೆ ಬೇಕಾಗಿದ್ದದ್ದು ಕಾರ್ಡಿನ ಮೇಲೇ ಅಚ್ಚಾಗಿರೋ ವಿವರ: ಹದಿನಾರು ಅಂಕಿ, ಮುಗಿಯೋ ತಿಂಗಳು, ಹಿಂಭಾಗದ ಮೂರು ಅಂಕಿ. ಹೋಟೆಲ್‌ನಲ್ಲಿ ಬಿಲ್ ಕೊಡೋಕೆ ಅಂತ ಕಾರ್ಡ್ ಕೊಟ್ರೆ, ಅದನ್ನ ತಗೊಂಡು ಹೋದವರು ಎರಡೂ ಬದಿ ಬರೆದುಕೊಂಡರೆ ಮುಗೀತು. ಆರ್‌ಬಿಐ ಹೇಳಿದ್ದು ಇಷ್ಟು: ಕಾರ್ಡಿನ ಮೇಲೆ ಕಾಣದ ಇನ್ನೊಂದು ಮಾಹಿತಿಯನ್ನೂ ಕೇಳಿ ಗ್ರಾಹಕರನ್ನ ಖಚಿತಪಡಿಸಿಕೊಳ್ಳಿ, 2009ರ ಆಗಸ್ಟ್ 1ರಿಂದ ಇದು ಕಡ್ಡಾಯ. ಆ ಇನ್ನೊಂದು ಮಾಹಿತಿ ಏನಿರಬೇಕು ಅನ್ನೋದನ್ನ ಬ್ಯಾಂಕುಗಳಿಗೇ ಬಿಟ್ಟಿತ್ತು.

ಬ್ಯಾಂಕುಗಳು ಮೊದಲು ಮಾಡಿದ್ದು ಸ್ಥಿರ ಪಾಸ್‌ವರ್ಡ್. ಆಗಿನ ಕಾಲದಲ್ಲಿ ರೈಲ್ವೆ ಟಿಕೆಟ್ ಬುಕ್ ಮಾಡಿದವರಿಗೆ ನೆನಪಿರಬಹುದು, "ವೆರಿಫೈಡ್ ಬೈ ವೀಸಾ" ಅಂತ ಒಂದು ಪುಟ ತೆರೆದುಕೊಳ್ತಿತ್ತು. ಒಂದು ಸಲ ಪಾಸ್‌ವರ್ಡ್ ಇಟ್ಟುಕೊಂಡ್ರೆ ಪ್ರತಿ ಸಲ ಅದನ್ನೇ ಹಾಕಬೇಕು. ತೊಂದರೆ ಏನಂದ್ರೆ, ಅದೇ ಥರ ಕಾಣೋ ಸುಳ್ಳು ಪುಟವನ್ನ ಯಾರು ಬೇಕಾದ್ರೂ ಮಾಡಬಹುದು. ಒಂದು ಸಲ ಅಲ್ಲಿ ಟೈಪ್ ಮಾಡಿದ್ರೆ, ನೀವು ಬದಲಾಯಿಸೋವರೆಗೂ ಆ ಪಾಸ್‌ವರ್ಡ್ ಕಳ್ಳನ ಕೈಯಲ್ಲೂ ಕೆಲಸ ಮಾಡ್ತಾನೇ ಇರುತ್ತೆ.

ಈ ಸಮಸ್ಯೆಗೆ ಉತ್ತರ ಅದಕ್ಕೂ ಬಹಳ ಮುಂಚೆನೇ ಸಿಕ್ಕಿತ್ತು. 1981ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅನ್ನೋ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಒಂದು ಪ್ರಬಂಧ ಬರೆದರು. ಅದರ ಸಾರ ಇದು: ದಾರಿಯಲ್ಲಿ ಯಾರೋ ಕದ್ದು ಕೇಳ್ತಿದ್ದಾರೆ ಅಂತಲೇ ಇಟ್ಟುಕೊಳ್ಳಿ, ಪ್ರತಿ ಸಲವೂ ಬೇರೆ ಪಾಸ್‌ವರ್ಡ್ ಬಳಸಿದ್ರೆ, ಕೇಳಿಸಿಕೊಂಡದ್ದು ಅವರಿಗೆ ಎರಡನೇ ಸಲ ಉಪಯೋಗಕ್ಕೆ ಬರಲ್ಲ. ಒನ್ ಟೈಮ್ ಪಾಸ್‌ವರ್ಡ್‌ನ ಬೇರು ಇರೋದು ಅಲ್ಲಿ. ಆಮೇಲೆ ಬಂದ ಟೋಕನ್ ಯಂತ್ರಗಳು ಈ ಯೋಚನೆಯ ಮೇಲೇ ನಿಂತವು. ಕೀಚೈನ್ ಗಾತ್ರದ ಒಂದು ಸಾಧನ, ಅದರ ಪುಟ್ಟ ಪರದೆಯಲ್ಲಿ ಅಂಕಿಗಳು ಬದಲಾಗ್ತಾ ಇರುತ್ತವೆ.

ಹಾಗಾದ್ರೆ ಎಲ್ಲರಿಗೂ ಒಂದೊಂದು ಟೋಕನ್ ಯಾಕೆ ಕೊಡಲಿಲ್ಲ? ನಾನು ಕಾಮರ್ಸ್ ಓದಿದವನು, ಮೊದಲು ಖರ್ಚಿನ ಲೆಕ್ಕವೇ ಕಾಣೋದು. ಟೋಕನ್‌ಗೆ ದುಡ್ಡು, ಅದರ ಬ್ಯಾಟರಿ ಮುಗಿದ್ರೆ ಬೇರೆಯದು, ಕಳೆದ್ರೆ ಇನ್ನೊಂದು, ಅದನ್ನ ಕಳಿಸೋ ಕೊರಿಯರ್ ಖರ್ಚು ಬೇರೆ. ದೊಡ್ಡ ಕಂಪನಿ ಖಾತೆಗಳಿಗೆ ಕೊಡಬಹುದು, ಕೋಟಿಗಟ್ಟಲೆ ಉಳಿತಾಯ ಖಾತೆಗಳಿಗೆ ಆಗಲ್ಲ. ಐಸಿಐಸಿಐ ಬ್ಯಾಂಕು ಒಂದು ಅಗ್ಗದ ಉಪಾಯ ಮಾಡಿತ್ತು. ಡೆಬಿಟ್ ಕಾರ್ಡಿನ ಹಿಂದೆ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಅಂಕಿಗಳ ಒಂದು ಪಟ್ಟಿ. "ಬಿ, ಜಿ, ಎಂ ಕೆಳಗಿನ ಅಂಕಿ ಹಾಕಿ" ಅಂತ ಕೇಳ್ತಿತ್ತು. ಆದ್ರೆ ಕಾರ್ಡೇ ಕೈತಪ್ಪಿದ್ರೆ ಪಟ್ಟಿಯೂ ಹೋದಂಗೆ.

ಇನ್ನೊಂದು ಕಡೆ ಬ್ಯಾಂಕುಗಳ ಹತ್ರ ಆಗಲೇ ಒಂದು ವಸ್ತು ಬಂದು ಕೂತಿತ್ತು: ಗ್ರಾಹಕರ ಮೊಬೈಲ್ ನಂಬರ್. ಅದೇ 2009ರ ಸುತ್ತೋಲೆಯಲ್ಲಿ ₹5,000 ಮತ್ತು ಅದಕ್ಕಿಂತ ಹೆಚ್ಚಿನ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಗ್ರಾಹಕರಿಗೆ ಅಲರ್ಟ್ ಕಳಿಸಬೇಕು ಅಂತಿತ್ತು. 2011ರಲ್ಲಿ ಮೊತ್ತ ಎಷ್ಟೇ ಇರಲಿ, ಎಲ್ಲಾ ಕಾರ್ಡ್ ವ್ಯವಹಾರಕ್ಕೂ ಅಲರ್ಟ್ ಬೇಕು ಅಂತಾಯ್ತು. ಅಲರ್ಟ್ ಕಳಿಸೋಕೆ ನಂಬರ್ ಬೇಕಲ್ಲ, ಹಾಗಾಗಿ ಬ್ಯಾಂಕುಗಳು ನಂಬರ್ ಕೂಡಿಹಾಕಿದವು. ನಂಬರ್ ಇದೆ, ಎಸ್‌ಎಂಎಸ್ ಕಳಿಸೋ ವ್ಯವಸ್ಥೆ ಇದೆ, ಎಲ್ಲರ ಜೇಬಲ್ಲೂ ಫೋನ್ ಇದೆ. ಅಲರ್ಟ್ ಹೋಗೋ ದಾರಿಯಲ್ಲೇ ಪಾಸ್‌ವರ್ಡ್ ಕಳಿಸಿದ್ರೆ ಆಯ್ತು. ಸಾವಿರ ರೂಪಾಯಿ ಫೋನಿಗೂ ಬರುತ್ತೆ, ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಹೀಗೆ ಎಸ್‌ಎಂಎಸ್ ಒಟಿಪಿ ನಮ್ಮಲ್ಲಿ ಬೇರೂರಿತು.

ಆಗಿನ ಲೆಕ್ಕಕ್ಕೆ ಇದು ಒಳ್ಳೇ ನಿರ್ಧಾರ. ಆರು ಅಂಕಿಯ ಒಟಿಪಿಗೆ ಹತ್ತು ಲಕ್ಷ ಸಾಧ್ಯತೆಗಳು. ಕೆಲವೇ ಪ್ರಯತ್ನ, ಕೆಲವೇ ನಿಮಿಷ ಅಂದಾಗ ಊಹೆ ಮಾಡಿ ಹಿಡಿಯೋದು ಆಗದ ಮಾತು.

ಒಂದು ವ್ಯತ್ಯಾಸ ಮಾತ್ರ ಯಾರಿಗೂ ಅಷ್ಟಾಗಿ ಕಾಣಲಿಲ್ಲ. ಟೋಕನ್‌ನಲ್ಲಿ ಅಂಕಿ ಹುಟ್ಟೋದೇ ನಿಮ್ಮ ಕೈಯಲ್ಲಿ. ಎಸ್‌ಎಂಎಸ್‌ನಲ್ಲಿ ಅಂಕಿ ಹುಟ್ಟೋದು ಬ್ಯಾಂಕಿನ ಸರ್ವರ್‌ನಲ್ಲಿ, ಆಮೇಲೆ ನಿಮ್ಮ ನಂಬರ್ ಹುಡುಕಿಕೊಂಡು ಬರಬೇಕು.

ನಂಬರ್ ಹುಡುಕೋದು ಹೇಗೆ

ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಇಲ್ಲೇ ಎಲ್ಲಾ ಇರೋದು.

ಸಿಮ್ ಕಾರ್ಡಿನೊಳಗೆ ಎರಡು ಮುಖ್ಯ ವಿಷಯ ಇರ್ತವೆ. ಒಂದು, ಆ ಸಿಮ್‌ನ ಗುರುತಿನ ಸಂಖ್ಯೆ, ಇದಕ್ಕೆ ಐಎಂಎಸ್‌ಐ ಅಂತಾರೆ. ಹದಿನೈದು ಅಂಕಿ, ಭಾರತದ ಸಿಮ್ ಆದ್ರೆ 404 ಅಥವಾ 405ರಿಂದ ಶುರು. ಇನ್ನೊಂದು ಒಂದು ಗುಪ್ತ ಕೀಲಿ. ಇದರ ಪ್ರತಿ ಕಂಪನಿಯ ಹತ್ರ ಇರುತ್ತೆ, ಸಿಮ್‌ನಿಂದ ಇದು ಯಾವತ್ತೂ ಹೊರಗೆ ಬರಲ್ಲ. ಟವರ್ ಒಂದು ಪ್ರಶ್ನೆ ಕಳಿಸುತ್ತೆ, ಸಿಮ್ ಆ ಕೀಲಿ ಬಳಸಿ ಉತ್ತರ ಕೊಡುತ್ತೆ, ಉತ್ತರ ಸರಿ ಇದ್ರೆ ಸಿಗ್ನಲ್. ಈ ಭಾಗ ಗಟ್ಟಿಯಾಗಿದೆ.

ಈಗ ಕಂಪನಿಯ ಕಡೆ ಬನ್ನಿ. ಅಲ್ಲಿ ಹೋಮ್ ಲೊಕೇಶನ್ ರಿಜಿಸ್ಟರ್ ಅಂತ ಒಂದು ದೊಡ್ಡ ದಾಖಲೆ ಪುಸ್ತಕ ಇದೆ, ಕಂಪ್ಯೂಟರ್ ರೂಪದಲ್ಲಿ. ಅದರ ಒಂದೊಂದು ಸಾಲಿನಲ್ಲಿ ಒಂದು ಕಡೆ ನಿಮ್ಮ ಹತ್ತಂಕಿ ನಂಬರ್, ಇನ್ನೊಂದು ಕಡೆ ನಿಮ್ಮ ಸಿಮ್‌ನ ಐಎಂಎಸ್‌ಐ, ಜೊತೆಗೆ ಈಗ ನೀವು ಯಾವ ಭಾಗದಲ್ಲಿದ್ದೀರಿ ಅನ್ನೋ ಮಾಹಿತಿ. ಬ್ಯಾಂಕಿನಿಂದ ಒಟಿಪಿ ಹೊರಟಾಗ ಎಸ್‌ಎಂಎಸ್ ಕೇಂದ್ರ ಈ ಪುಸ್ತಕವನ್ನ ಕೇಳುತ್ತೆ: "ಈ ನಂಬರ್ ಈಗ ಎಲ್ಲಿದೆ?" ಪುಸ್ತಕ ಹೇಳುತ್ತೆ: "ಈ ಸಿಮ್, ಹೆಬ್ಬಾಳದ ಕಡೆ ಇದೆ." ಸಂದೇಶ ಅಲ್ಲಿಗೆ ಹೋಗುತ್ತೆ.

ನಿಮ್ಮ ಫೋನ್ ಮೆಜೆಸ್ಟಿಕ್‌ನಲ್ಲಿ ಕಳುವಾಯ್ತು ಅಂತಿಟ್ಟುಕೊಳ್ಳಿ. ಕಂಪನಿಯ ಅಂಗಡಿಗೆ ಹೋಗ್ತೀರಿ, ಗುರುತಿನ ದಾಖಲೆ ತೋರಿಸ್ತೀರಿ, ಹೊಸ ಸಿಮ್ ಕೊಡ್ತಾರೆ. ಹಳೇ ಸಿಮ್‌ನ ಕೀಲಿಯನ್ನ ಹೊಸದಕ್ಕೆ ನಕಲು ಮಾಡ್ತಾರಾ? ಇಲ್ಲ. ಹೊಸ ಸಿಮ್‌ಗೆ ಅದರದ್ದೇ ಐಎಂಎಸ್‌ಐ, ಅದರದ್ದೇ ಕೀಲಿ. ಬದಲಾಗೋದು ಆ ಪುಸ್ತಕದ ಸಾಲು ಮಾತ್ರ: ನಿಮ್ಮ ನಂಬರಿನ ಎದುರು ಹಳೇ ಐಎಂಎಸ್‌ಐ ಅಳಿಸಿ ಹೊಸದನ್ನ ಬರೀತಾರೆ. ಹಳೇ ಸಿಮ್ ಇದ್ದ ಫೋನಿನ ಪರದೆ ಮೇಲೆ "No service" ಅಂತ ಬರುತ್ತೆ. ಇದೇ ಸಿಮ್ ಸ್ವಾಪ್. ಇದು ಅಪರಾಧ ಅಲ್ಲ, ದಿನನಿತ್ಯದ ಸೇವೆ.

ಅದೇ ಕೌಂಟರಿಗೆ ನಿಮ್ಮ ಹೆಸರಿನ ನಕಲಿ ದಾಖಲೆ ಹಿಡಿದು ಬೇರೆಯವರು ಹೋದಾಗ ಮಾತ್ರ ಅದು ಅಪರಾಧ. ಗುಪ್ತ ಕೀಲಿಯ ಗಣಿತ ಮುರಿಯೋ ಅಗತ್ಯವೇ ಇಲ್ಲ. ಕೌಂಟರಿನಲ್ಲಿ ಕೂತವರಿಗೆ "ಇವರೇ ಅವರು" ಅನ್ನಿಸಿದ್ರೆ ಸಾಕು, ಅಥವಾ ಅವರೇ ದುಡ್ಡು ತಗೊಂಡು ಶಾಮೀಲಾದ್ರೂ ಸಾಕು. ಕೆಲವರು ಕೌಂಟರಿಗೂ ಹೋಗಲ್ಲ. ಕಂಪನಿಯವರ ಥರ ಮಾತಾಡಿ, "ಸಾರ್, ನಿಮ್ಮ ಸಿಮ್ ಅಪ್‌ಗ್ರೇಡ್ ಮಾಡ್ಬೇಕು, ಈ ಉದ್ದನೆ ನಂಬರನ್ನ ಕಂಪನಿಗೆ ಮೆಸೇಜ್ ಮಾಡಿ, ಆಮೇಲೆ ಬರೋ ಕರೆಗೆ ಒಂದು ಒತ್ತಿ" ಅಂತ ಹೇಳಿ, ನಿಮ್ಮ ಕೈಯಿಂದಲೇ ಆ ಸಾಲನ್ನ ತಿದ್ದಿಸ್ತಾರೆ. ಆ ಉದ್ದನೆ ನಂಬರ್ ಅವರ ಕೈಯಲ್ಲಿರೋ ಖಾಲಿ ಸಿಮ್‌ನದ್ದು. ಇ-ಸಿಮ್ ಬಂದ ಮೇಲೆ ಕಾರ್ಡೂ ಬೇಡ.

ಇನ್ನೊಂದು ಮಾತು. ಸಿಮ್‌ಗೆ ಪಿನ್ ಲಾಕ್ ಹಾಕಿದ್ದೀನಿ, ನಂಗೆ ಚಿಂತೆ ಇಲ್ಲ ಅಂತ ಕೆಲವರು ಹೇಳ್ತಾರೆ. ಆ ಪಿನ್ ಕಾಯೋದು ನಿಮ್ಮ ಕಾರ್ಡನ್ನ. ಕಳ್ಳ ನಿಮ್ಮ ಕಾರ್ಡನ್ನ ಮುಟ್ಟೋದೇ ಇಲ್ಲ.

ಒಂದು ಶುಕ್ರವಾರ ಸಂಜೆ

ಈಗ ಒಂದು ಉದಾಹರಣೆ. ವ್ಯಕ್ತಿ ಕಲ್ಪಿತ, ಆದ್ರೆ ಇಂಥ ಪ್ರಕರಣಗಳು ನಡೆಯೋದು ಈ ಹಂತಗಳಲ್ಲೇ. ಯಶವಂತಪುರದಲ್ಲಿ ಈರುಳ್ಳಿ ಮಂಡಿ ಇಟ್ಟ ಒಬ್ಬ ಹಿರಿಯರು, ಮನೆ ಆರ್‌ಟಿ ನಗರದಲ್ಲಿ. ಖಾತೆಯಲ್ಲಿ ರೈತರಿಗೆ ಕೊಡಬೇಕಾದ ದುಡ್ಡು, ಹನ್ನೆರಡು ಲಕ್ಷ ಅಂತಿಟ್ಟುಕೊಳ್ಳೋಣ.

ಮೊದಲ ಹಂತ ಎರಡು ವಾರ ಮುಂಚೆನೇ ಆಗಿರುತ್ತೆ. "ಪ್ಯಾನ್ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್" ಅಂತ ಒಂದು ಮೆಸೇಜ್, ಒಂದು ಲಿಂಕ್. ಅಲ್ಲಿ ನೆಟ್ ಬ್ಯಾಂಕಿಂಗ್ ಐಡಿ, ಪಾಸ್‌ವರ್ಡ್, ಹುಟ್ಟಿದ ದಿನಾಂಕ ಹಾಕಿರ್ತಾರೆ. ಇದನ್ನ ಮರೆಯಬಾರದು: ಸಿಮ್ ಸ್ವಾಪ್ ಒಂದರಿಂದಲೇ ದುಡ್ಡು ಹೋಗಲ್ಲ. ಅದು ಎರಡನೇ ಬೀಗದ ಕೆಲಸ. ಮೊದಲನೇ ಬೀಗ ಆಗಲೇ ತೆರೆದಿರಬೇಕು. ಆ ಪಾಸ್‌ವರ್ಡ್ ಹಿಡಿದು ಕಳ್ಳ ಒಳಗೆ ಹೋಗಿ ಬಾಕಿ ಎಷ್ಟಿದೆ ನೋಡ್ತಾನೆ, ಆದ್ರೆ ಹೊಸ ಖಾತೆಗೆ ಕಳಿಸೋಕೆ ಹೋದ್ರೆ ಒಟಿಪಿ ಅಡ್ಡ ಬರುತ್ತೆ. ಅಂದ್ರೆ ಒಟಿಪಿ ಇಲ್ಲಿ ತನ್ನ ಕೆಲಸ ಮಾಡಿದೆ.

ಎರಡನೇ ಹಂತಕ್ಕೆ ಅವನು ಎರಡನೇ ಶನಿವಾರದ ಹಿಂದಿನ ಶುಕ್ರವಾರ ಆರಿಸ್ತಾನೆ. 2015ರ ಸೆಪ್ಟೆಂಬರ್‌ನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಶನಿವಾರ, ಭಾನುವಾರ ಶಾಖೆ ತೆರೆಯಲ್ಲ. ಆದ್ರೆ ದುಡ್ಡಿನ ಓಡಾಟಕ್ಕೆ ರಜೆ ಇಲ್ಲ: ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ ಇಪ್ಪತ್ನಾಲ್ಕು ಗಂಟೆಯೂ ನಡೀತವೆ. ನಮಗೆ ಅನುಕೂಲ ಆಗಿದ್ದು ಅವನಿಗೂ ಅನುಕೂಲ.

ಸಂಜೆ ಆರೂವರೆ. ಬೇರೆ ಯಾವುದೋ ಊರಿನ ಕೌಂಟರ್. "ಫೋನ್ ಕಳೆದುಹೋಯ್ತು, ಡೂಪ್ಲಿಕೇಟ್ ಸಿಮ್ ಬೇಕು." ನಕಲಿ ಗುರುತಿನ ಚೀಟಿ, ಫೋಟೋ ಕಳ್ಳನದ್ದು, ಹೆಸರು ನಮ್ಮ ಹಿರಿಯರದ್ದು. ಏಳು ನಲವತ್ತಕ್ಕೆ ಹಿರಿಯರ ಫೋನಿನಲ್ಲಿ ಸಿಗ್ನಲ್ ಹೋಗುತ್ತೆ.

ಅವರಿಗೆ ಅದು ಗೊತ್ತೇ ಆಗಲ್ಲ. ಯಾಕಂದ್ರೆ ಮನೆಯಲ್ಲಿ ವೈಫೈ ಇದೆ. ವಾಟ್ಸ್ಆ್ಯಪ್‌ನಲ್ಲಿ ಗುಡ್ ನೈಟ್ ಮೆಸೇಜ್ ಬರ್ತಾನೇ ಇದೆ, ಯೂಟ್ಯೂಬ್ ಓಡ್ತಿದೆ. ಮಗ ಕೇಳ್ತಾನೆ, "ಅಪ್ಪಾ, ನಿಮ್ಗೆ ಕಾಲ್ ಹೋಗ್ತಾನೇ ಇಲ್ವಲ್ಲ?" "ನೆಟ್‌ವರ್ಕ್ ಇಲ್ಲ ಕಣೋ, ಈ ಏರಿಯಾದಲ್ಲಿ ಯಾವಾಗ್ಲೂ ಹಿಂಗೇ." ನಮ್ಮ ಕಡೆ ಇದು ಎಷ್ಟು ಸಹಜ ಉತ್ತರ ಅಂದ್ರೆ ಯಾರೂ ಎರಡನೇ ಸಲ ಯೋಚಿಸಲ್ಲ.

ರಾತ್ರಿ ಒಂಬತ್ತಕ್ಕೆ ಹೊಸ ಬೆನಿಫಿಶಿಯರಿ ಸೇರಿಸ್ತಾನೆ. ಒಟಿಪಿ ಅವನ ಫೋನಿಗೆ. ಹನ್ನೊಂದೂವರೆಗೆ ಐದು ಲಕ್ಷ, ಹನ್ನೆರಡು ದಾಟಿದ ಮೇಲೆ ಇನ್ನೊಂದು ಐದು ಲಕ್ಷ. ದಿನದ ಮಿತಿ ನಡುರಾತ್ರಿಗೆ ಹೊಸದಾಗಿ ಶುರುವಾಗುತ್ತಲ್ಲ, ಅದಕ್ಕೇ ಈ ಸಮಯ. ಹಣ ಹೋಗಿದೆ ಅನ್ನೋ ಅಲರ್ಟ್ ಕೂಡ ಎಸ್‌ಎಂಎಸ್. ಅದೂ ಕಳ್ಳನ ಫೋನಿಗೇ ಹೋಗುತ್ತೆ. ಬೀಗವೂ, ಕಳ್ಳ ಬಂದ್ರೆ ಕೂಗಬೇಕಾದ ಗಂಟೆಯೂ ಒಂದೇ ದಾರದಲ್ಲಿದ್ದವು. ದಾರ ಕತ್ತರಿಸಿದಾಗ ಎರಡೂ ಹೋದವು.

ಬೆಳಿಗ್ಗೆ ಹಿರಿಯರು ಕಂಪನಿ ಅಂಗಡಿಗೆ ಹೋಗಿ ಕೇಳಿದಾಗ ಅಲ್ಲಿನ ಹುಡುಗ ಹೇಳ್ತಾನೆ, "ನಿನ್ನೆ ಸಂಜೆ ನೀವೇ ಡೂಪ್ಲಿಕೇಟ್ ಸಿಮ್ ತಗೊಂಡಿದ್ದೀರಲ್ಲ ಸಾರ್?"

ನಡುರಾತ್ರಿ ಅನ್ನೋದನ್ನ ನಾನು ಸುಮ್ನೆ ಹಾಕಿಲ್ಲ. 2018ರ ಡಿಸೆಂಬರ್ ಕೊನೆಯಲ್ಲಿ ಮುಂಬೈನ ಮಾಹಿಮ್‌ನ ಒಬ್ಬ ಉದ್ಯಮಿಗೆ ರಾತ್ರಿ ಹನ್ನೊಂದರಿಂದ ಎರಡರ ಮಧ್ಯೆ ಆರು ಮಿಸ್ಡ್ ಕಾಲ್ ಬಂದಿದ್ದವು. ಬೆಳಿಗ್ಗೆ ಎದ್ದಾಗ ಸಿಮ್ ಸತ್ತಿತ್ತು. ಅವರ ಕಂಪನಿ ಖಾತೆಯಿಂದ ₹1.86 ಕೋಟಿ ಹೋಗಿತ್ತು.

ತಪ್ಪು ಯಾರದ್ದು

ಬ್ಯಾಂಕು ಹೇಳುತ್ತೆ: ಸರಿಯಾದ ಪಾಸ್‌ವರ್ಡ್, ಸರಿಯಾದ ಒಟಿಪಿ ಬಂದಿದೆ, ನಾವು ದುಡ್ಡು ಕಳಿಸಿದ್ವಿ. ಟೆಲಿಕಾಂ ಕಂಪನಿ ಹೇಳುತ್ತೆ: ನಾವು ಮಾರೋದು ಮಾತು ಮತ್ತು ಮೆಸೇಜ್, ನಿಮ್ಮ ಖಾತೆ ಕಾಯ್ತೀವಿ ಅಂತ ನಾವು ಯಾವತ್ತು ಹೇಳಿದ್ವಿ? ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ಬ್ಯಾಂಕುಗಳು ತಮ್ಮ ಬೀಗದ ಒಂದು ಕೀಲಿಯನ್ನ ಸಿಮ್ ಮಾರೋ ಕೌಂಟರಿನಲ್ಲಿ ಇಟ್ಟವು, ಆ ಕೌಂಟರನ್ನ ಕೇಳದೆ.

ಇದು ಕೋರ್ಟಿನಂಥ ಜಾಗದಲ್ಲಿ ಇತ್ಯರ್ಥವಾದ ಒಂದು ಪ್ರಕರಣ ರಾಜಸ್ಥಾನದ್ದು. 2017ರ ಮೇನಲ್ಲಿ ಹನುಮಾನ್‌ಗಢದ ಒಬ್ಬ ಗ್ರಾಹಕರ ಸಿಮ್ ಕೆಲಸ ನಿಲ್ಲಿಸಿತು. ಅವರ ನಂಬರಿನ ಡೂಪ್ಲಿಕೇಟ್ ಸಿಮ್ ಅಲ್ವರ್‌ನಲ್ಲಿ ಬೇರೆಯವರ ಕೈಗೆ ಹೋಗಿತ್ತು. ಒಟಿಪಿ ಅಲ್ಲಿಗೆ ಹೋಗಿ ಅವರ ಐಡಿಬಿಐ ಬ್ಯಾಂಕ್ ಖಾತೆಯಿಂದ ₹68.5 ಲಕ್ಷ ಹೋಯ್ತು. ತಗೊಂಡವನು ₹44 ಲಕ್ಷ ವಾಪಸ್ ಕೊಟ್ಟ. 2021ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಐಟಿ ಇಲಾಖೆಯ ತೀರ್ಪು ಬಂತು: ದಾಖಲೆ ಸರಿಯಾಗಿ ಪರಿಶೀಲಿಸದೆ ಸಿಮ್ ಕೊಟ್ಟಿದ್ದಕ್ಕೆ ವೊಡಾಫೋನ್ ಐಡಿಯಾ ಕಂಪನಿ ₹27 ಲಕ್ಷಕ್ಕೂ ಹೆಚ್ಚು ಪರಿಹಾರ ಕೊಡಬೇಕು. ಅಂದ್ರೆ ಇಲ್ಲಿ ಹೊಣೆ ಕೌಂಟರಿನ ಮೇಲೆ ಬಿತ್ತು. ಇದು ನಡೆದದ್ದು ಐಟಿ ಕಾಯ್ದೆಯ 46ನೇ ಸೆಕ್ಷನ್ ಅಡಿಯಲ್ಲಿ. ಪ್ರತಿ ರಾಜ್ಯದಲ್ಲೂ ಐಟಿ ಇಲಾಖೆಯ ಕಾರ್ಯದರ್ಶಿಗೆ ಹೀಗೆ ವಿಚಾರಣೆ ನಡೆಸೋ ಅಧಿಕಾರ ಇದೆ, ನಮ್ಮ ಕರ್ನಾಟಕದಲ್ಲೂ. ಪೊಲೀಸ್ ದೂರು ಕಳ್ಳನನ್ನ ಹುಡುಕೋಕೆ. ಈ ದಾರಿ ನಷ್ಟ ತುಂಬಿಸಿಕೊಳ್ಳೋಕೆ.

ಬ್ಯಾಂಕಿನ ಕಡೆಗೆ 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಇದೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಇದೆ ಅಂದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದ್ರೆ, ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ₹10,000. ಗ್ರಾಹಕರದ್ದೇ ತಪ್ಪು ಅಂತ ಸಾಬೀತು ಮಾಡೋ ಭಾರ ಬ್ಯಾಂಕಿನ ಮೇಲಿದೆ. ಕೌಂಟರಿನಲ್ಲಿ ಆದ ಮೋಸ "ವ್ಯವಸ್ಥೆಯ ಬೇರೆಲ್ಲೋ" ಅನ್ನೋದಕ್ಕೆ ಚೆನ್ನಾಗಿ ಹೊಂದುತ್ತೆ. ಆದ್ರೆ ನಮ್ಮ ಹಿರಿಯರ ಹಾಗೆ ಲಿಂಕ್‌ನಲ್ಲಿ ಪಾಸ್‌ವರ್ಡ್ ಹಾಕಿದ್ರೆ, ಬ್ಯಾಂಕು ಅದನ್ನೇ ಗ್ರಾಹಕರ ಅಜಾಗರೂಕತೆ ಅಂತ ಹಿಡಿಯುತ್ತೆ. ನಿಜವಾದ ಜಗಳ ನಡೆಯೋದು ಅಲ್ಲೇ.

ಕೌಂಟರಿಗೆ ಕಾವಲು

ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿ ಫೋನ್ ಜಾಲದ ಮೂಲಕ ಬರೋ ಒಟಿಪಿಯನ್ನ "ನಿರ್ಬಂಧಿತ" ಅನ್ನೋ ಪಟ್ಟಿಗೆ ಹಾಕಿತು. ಬಳಸಬಹುದು, ಆದ್ರೆ ಅಪಾಯ ತಿಳಿದು ಬಳಸಿ ಅಂತ. ಭಾರತ ಎಸ್‌ಎಂಎಸ್ ಬಿಡಲಿಲ್ಲ, ಕೌಂಟರಿನ ನಿಯಮ ಬಿಗಿ ಮಾಡ್ತು.

2022ರಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದ್ದು: ಸಿಮ್ ಬದಲಾವಣೆಗೆ ಮನವಿ ಬಂದ್ರೆ ಮೊದಲು ಹಳೇ ಸಿಮ್‌ಗೆ ತಿಳಿಸಿ, ಬೇಡ ಅಂದ್ರೆ ನಿಲ್ಲಿಸಿ, ಬದಲಾವಣೆ ಆದ ಮೇಲೆ ಹೊಸ ಸಿಮ್‌ನಲ್ಲಿ 24 ಗಂಟೆ ಎಸ್‌ಎಂಎಸ್ ಬರೋದು, ಹೋಗೋದು ಎರಡೂ ಬಂದ್. ನಮ್ಮ ಉದಾಹರಣೆಗೆ ಇದನ್ನ ಹಾಕಿ ನೋಡಿ. ಏಳು ನಲವತ್ತಕ್ಕೆ ಸಿಮ್ ಬದಲಾದ್ರೆ, ಶನಿವಾರ ಸಂಜೆ ಏಳು ನಲವತ್ತರವರೆಗೆ ಒಂದೂ ಒಟಿಪಿ ಎಸ್‌ಎಂಎಸ್ ಬರಲ್ಲ. ಹಿರಿಯರು ಬೆಳಿಗ್ಗೆ ಅಂಗಡಿಗೆ ಹೋಗೋಷ್ಟರಲ್ಲಿ ದುಡ್ಡು ಇನ್ನೂ ಇರುತ್ತೆ. ಇಡೀ ಮೋಸ ನಿಂತಿರೋದು ಸಿಗ್ನಲ್ ಹೋದ ಮತ್ತು ಗೊತ್ತಾದ ಸಮಯದ ನಡುವಿನ ಅಂತರದ ಮೇಲೆ. ನಿಯಮ ಆ ಅಂತರಕ್ಕೇ ಗುರಿ ಇಟ್ಟಿದೆ. ನಿಜವಾಗಿ ಫೋನ್ ಕಳೆದುಕೊಂಡವರಿಗೆ ಒಂದು ದಿನ ಒಟಿಪಿ ಬರಲ್ಲ ಅನ್ನೋ ಕಿರಿಕಿರಿ ಇದೆ, ಅದು ಈ ರಕ್ಷಣೆಯ ಬೆಲೆ.

ಆಮೇಲೆ ಟ್ರಾಯ್ ಇನ್ನೊಂದು ಬಾಗಿಲು ಮುಚ್ಚಿತು. 2024ರ ಜುಲೈ 1ರಿಂದ, ಸಿಮ್ ಬದಲಾದ ಏಳು ದಿನ ಆ ನಂಬರನ್ನ ಬೇರೆ ಕಂಪನಿಗೆ ಪೋರ್ಟ್ ಮಾಡೋಕೆ ಬೇಕಾದ ಕೋಡ್ ಕೊಡಲ್ಲ. ಇಲ್ಲಾಂದ್ರೆ ಕಳ್ಳ ಸಿಮ್ ಬದಲಾಯಿಸಿ ತಕ್ಷಣ ನಂಬರನ್ನೇ ಬೇರೆ ಕಂಪನಿಗೆ ಸಾಗಿಸಬಹುದಿತ್ತು.

ಇವುಗಳಿಗೂ ಮಿತಿ ಇದೆ. 24 ಗಂಟೆ ನಿಲ್ಲೋದು ಎಸ್‌ಎಂಎಸ್ ಮಾತ್ರ, ಕರೆ ಮಾಡಿ ಒಟಿಪಿ ಓದಿ ಹೇಳೋ ಸೇವೆ ಆ ನಿಯಮದೊಳಗೆ ಬರಲ್ಲ. ಎರಡು ದಿನ ಊರಲ್ಲಿ ಫೋನ್ ನೋಡದೆ ಇದ್ರೆ 24 ಗಂಟೆ ಸಾಲಲ್ಲ.

ಆರ್‌ಬಿಐ ಕೂಡ ಮತ್ತೆ ಮೂಲಕ್ಕೆ ಬಂತು. 2025ರ ಸೆಪ್ಟೆಂಬರ್ 25ರಂದು ಹೊರಡಿಸಿದ ನಿರ್ದೇಶನ 2026ರ ಏಪ್ರಿಲ್ 1ರಿಂದ ಅನ್ವಯ. ಎಸ್‌ಎಂಎಸ್ ಒಟಿಪಿ ನಿಷೇಧ ಆಗಿಲ್ಲ, ಆದ್ರೆ ಅದೇ ಏಕೈಕ ದಾರಿ ಅಲ್ಲ ಅಂತ ಸ್ಪಷ್ಟವಾಗಿದೆ. ಅದರಲ್ಲಿ ಒಂದು ತತ್ವ ಇದೆ: ಒಂದು ಬೀಗ ಮುರಿದ್ರೆ ಇನ್ನೊಂದರ ಭರವಸೆ ಕೆಡಬಾರದು. ಈಗ ಯೋಚಿಸಿ, "ಪಾಸ್‌ವರ್ಡ್ ಮರೆತಿರಾ?" ಅಂತ ಒತ್ತಿದಾಗ ಹೊಸ ಪಾಸ್‌ವರ್ಡ್ ಇಡೋಕೆ ಏನು ಕೇಳ್ತಾರೆ? ಬಹಳ ಕಡೆ ಒಟಿಪಿ. ಅಂದ್ರೆ ಎರಡನೇ ಕೀಲಿಯಿಂದಲೇ ಮೊದಲನೇ ಬೀಗವೂ ತೆರೆಯುತ್ತೆ. ಹೆಸರಿಗೆ ಎರಡು ಬೀಗ, ಕೀಲಿ ಒಂದೇ.

ಸಿಗ್ನಲ್ ಹೋದಾಗ

ಕೊನೆಯದಾಗಿ, ಟವರ್ ಸಮಸ್ಯೆಯೋ ಸಿಮ್ ಸ್ವಾಪೋ ಅಂತ ತಿಳಿಯೋದು ಹೇಗೆ? ಯಲಹಂಕದ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಸಿಗ್ನಲ್ ಹೋದ್ರೆ ಮೇಲೆ ಬಂದಾಗ ಬರುತ್ತೆ. ಬರಲಿಲ್ಲ ಅಂದ್ರೆ ಪಕ್ಕದಲ್ಲಿ ಅದೇ ಕಂಪನಿ ಸಿಮ್ ಇರೋರ ಫೋನ್ ನೋಡಿ. ಅವರಿಗಿದ್ದು ನಿಮಗೆ ಇಲ್ಲ ಅಂದ್ರೆ ಫೋನ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಆಗಲೂ ಇಲ್ಲ ಅಂದ್ರೆ ಇನ್ನೊಂದು ಫೋನಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ. "ಸ್ವಿಚ್ ಆಫ್" ಅಥವಾ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅಂತ ಬಂದ್ರೆ ಇನ್ನೂ ಖಚಿತ ಇಲ್ಲ, ಕಂಪನಿಗೆ ಕೇಳಬೇಕು. ರಿಂಗ್ ಆಗ್ತಿದೆ, ಆದ್ರೆ ನಿಮ್ಮ ಕೈಯಲ್ಲಿರೋ ಫೋನ್ ಸುಮ್ಮನಿದೆ ಅಂದ್ರೆ, ಕರೆ ಬೇರೆಡೆ ತಿರುಗಿಸಿರದಿದ್ದರೆ, ನಿಮ್ಮ ನಂಬರ್ ಬೇರೆ ಯಾರ ಕೈಯಲ್ಲೋ ಇದೆ.

ಆಗ ಮೊದಲು ಬ್ಯಾಂಕು, ಆಮೇಲೆ ಟೆಲಿಕಾಂ. ಮೊದಲ ಕರೆ ಬ್ಯಾಂಕಿನ ಸಹಾಯವಾಣಿಗೆ: ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ಎಲ್ಲಾ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಎರಡನೇದು ಟೆಲಿಕಾಂ ಕಂಪನಿಗೆ, ಆ ಸಿಮ್ ನಿಲ್ಲಿಸೋಕೆ. ದುಡ್ಡು ಆಗಲೇ ಹೋಗಿದ್ರೆ ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲಾ cybercrime.gov.in ನಲ್ಲಿ ದೂರು ಕೊಡಿ. ದುಡ್ಡು ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ಹೋಗೋದಕ್ಕೆ ಮುಂಚೆ ತಡೆ ಹಾಕೋಕೆ ಅವಕಾಶ ಇರೋದು ಮೊದಲ ಕೆಲವು ಗಂಟೆಗಳಲ್ಲಿ. ಅದಕ್ಕೇ ಬ್ಯಾಂಕಿನ ಸಹಾಯವಾಣಿ ನಂಬರನ್ನ ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಉಳಿಸಿಡಿ, ನಿಮ್ಮ ಫೋನಿನಿಂದ ಆಗ ಕರೆ ಹೋಗಲ್ಲ.

ಇವತ್ತೇ ಮಾಡಬಹುದಾದ್ದು ಒಂದಿದೆ. ಬ್ಯಾಂಕ್ ಅಲರ್ಟ್ ಇಮೇಲ್‌ಗೂ ಬರೋ ಹಾಗೆ ಮಾಡಿಕೊಳ್ಳಿ. ಆ ಇಮೇಲ್‌ನ ಪಾಸ್‌ವರ್ಡ್ ಮರೆತಾಗ ಅದೇ ನಂಬರಿಗೆ ಒಟಿಪಿ ಹೋಗೋ ಹಾಗಿದ್ರೆ ಅದನ್ನೂ ಬದಲಾಯಿಸಿ. ಸಿಗ್ನಲ್ ಇಲ್ಲದ ರಾತ್ರಿಯಲ್ಲೂ ವೈಫೈ ಮೇಲೆ ಇಮೇಲ್ ಬರುತ್ತೆ. ಗಂಟೆ ಒಂದಾದ್ರೂ ಬೇರೆ ದಾರದಲ್ಲಿ ಇರಲಿ.

ಮನೆಯಲ್ಲಿ ಹಿರಿಯರಿದ್ರೆ ಅವರ ಜೊತೆ ಕೂತು ಈ ಇಮೇಲ್ ಕೆಲಸ ಮುಗಿಸಿಬಿಡಿ, ಹತ್ತು ನಿಮಿಷ ಸಾಕು.